ಸೀಲು ಬಿದ್ದ ದಿನದಿಂದ ಲೆಕ್ಕ

ಚಿಕ್ಕಪ್ಪ ತೀರಿಕೊಂಡಾಗ ಭದ್ರಾವತಿಯ ಜನ್ನಾಪುರದ ಮನೆಯಲ್ಲಿ ಉಳಿದವರು ಚಿಕ್ಕಮ್ಮ ಮತ್ತು ಪಿಯುಸಿ ಓದುತ್ತಿದ್ದ ಮಗಳು. ಆಸರೆಯೆಂದರೆ 2011ರಲ್ಲಿ ಮಾಡಿಸಿದ್ದ ಐದು ಲಕ್ಷದ ಟರ್ಮ್ ಪಾಲಿಸಿ. ವಿಮಾ ಕಂಪನಿಯ ಶಾಖೆ ಶಿವಮೊಗ್ಗದಲ್ಲಿತ್ತು. ಬಾಂಡು, ಮರಣ ಪ್ರಮಾಣಪತ್ರ, ಆಸ್ಪತ್ರೆಯ ಕಾಗದಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಅದನ್ನು ಎದೆಗವಚಿಕೊಂಡು ಚಿಕ್ಕಮ್ಮ ಬಸ್ಸಿನಲ್ಲಿ ಬರುತ್ತಿದ್ದರು. ವಿನೋಬನಗರದಿಂದ ನಾನು ಹೋಗಿ ಜೊತೆಯಾಗುತ್ತಿದ್ದೆ.

2024ರ ಅಕ್ಟೋಬರ್‌ನಲ್ಲಿ ಕ್ಲೇಮ್ ಫಾರಂ ಕೊಟ್ಟೆವು. ಕೌಂಟರಿನವರು ತೆಗೆದುಕೊಂಡರು, ನಾವು ಸ್ವೀಕೃತಿ ಕೇಳಲಿಲ್ಲ. ಅದೇ ನಮ್ಮ ಮೊದಲ ತಪ್ಪು. ಮುಂದಿನ ವಾರ ಕ್ಯಾನ್ಸಲ್ ಮಾಡಿದ ಚೆಕ್ ಬೇಕೆಂದರು, ಅದರ ಮುಂದಿನ ವಾರ ಆಸ್ಪತ್ರೆಯ ಡಿಸ್ಚಾರ್ಜ್ ಸಮರಿ. ಎಲ್ಲವೂ ಬಾಯಿಮಾತಿನಲ್ಲೇ. ನವೆಂಬರ್ 11ರಂದು ಕೊನೆಯ ಕಾಗದ ಕೊಡುವಾಗ ಮಾತ್ರ ಪಟ್ಟಿಯೊಂದನ್ನು ಬರೆದು, ಅದರ ಜೆರಾಕ್ಸಿನ ಮೇಲೆ ದಿನಾಂಕದ ಸೀಲು ಹಾಕಿಸಿಕೊಂಡೆ. ಮುಂದೆ ನಮ್ಮ ಕೈಹಿಡಿದದ್ದು ಆ ಒಂದು ಹಾಳೆ.

ಆಮೇಲೆ ಎರಡು ತಿಂಗಳು ಕೇಳಿದ್ದು ಒಂದೇ ಮಾತು: "ಫೈಲ್ ಮೇಲಿನ ಆಫೀಸಿನಲ್ಲಿದೆ, ಮುಂದಿನ ವಾರ ಬನ್ನಿ." ಒಮ್ಮೆ, "ವಿಚಾರಣೆ ಇರಬಹುದಮ್ಮ" ಎಂದರು. ಇದ್ದರೆ ಬರಹದಲ್ಲಿ ಕೊಡಿ ಎಂದೆ. ಕೊಡಲಿಲ್ಲ.

ಆಗ ನಿಯಮ ಹುಡುಕಿ ಓದಿದೆ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2024ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮಾಸ್ಟರ್ ಸುತ್ತೋಲೆಯ ಪ್ರಕಾರ, ತನಿಖೆ ಬೇಡದ ಮರಣ ಕ್ಲೇಮನ್ನು 15 ದಿನದಲ್ಲಿ, ತನಿಖೆ ಬೇಕಾದದ್ದನ್ನು 45 ದಿನದಲ್ಲಿ ಇತ್ಯರ್ಥ ಮಾಡಬೇಕು. ತಡವಾದರೆ ಬ್ಯಾಂಕ್ ದರದ ಮೇಲೆ ಶೇಕಡಾ 2 ಸೇರಿಸಿ ಬಡ್ಡಿ ಕೊಡಬೇಕು. ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ, ಅರ್ಜಿಯಲ್ಲಿ ಏನೋ ಮುಚ್ಚಿಟ್ಟಿದ್ದರು ಎಂದು ಅದನ್ನು ಪ್ರಶ್ನಿಸಲು ವಿಮಾ ಕಾಯ್ದೆಯ 45ನೇ ಸೆಕ್ಷನ್ ಬಿಡುವುದಿಲ್ಲ. ನಮ್ಮದಕ್ಕೆ ಹದಿಮೂರು ವರ್ಷ ತುಂಬಿತ್ತು. ತನಿಖೆಯ ಗಡುವನ್ನೇ ಹಿಡಿದರೂ ಡಿಸೆಂಬರ್ 26ಕ್ಕೆ ಅದು ಮುಗಿದಿತ್ತು.

ಪ್ರತಿ ವಿಮಾ ಕಂಪನಿಯಲ್ಲೂ ಕುಂದುಕೊರತೆ ಅಧಿಕಾರಿ ಇರಬೇಕು. ಅವರ ವಿಳಾಸ ಪಾಲಿಸಿ ಬಾಂಡಿನ ಕಡೆಯ ಪುಟಗಳಲ್ಲೇ ಇತ್ತು, ಅಷ್ಟು ದಿನ ನಾವು ಆ ಪುಟ ತಿರುವಿರಲಿಲ್ಲ. ಮೊದಲು ನನ್ನ ಹೆಸರಿನಲ್ಲೇ ಎರಡು ಪುಟ ಬರೆದೆ, ಕೋಪವೆಲ್ಲ ಅದರಲ್ಲಿತ್ತು. ಬ್ಯಾಂಕಿನಲ್ಲಿದ್ದು ನಿವೃತ್ತರಾದ ಪಕ್ಕದ ಮನೆಯವರು ಓದಿ, "ನಾಮಿನಿ ನೀನಲ್ಲ, ಅವರು. ದೂರು ಅವರ ಸಹಿಯಲ್ಲಿ ಹೋಗಲಿ. ಇದರಲ್ಲಿ ತಾರೀಖು ಎಲ್ಲಿದೆ?" ಎಂದರು. ಹರಿದುಹಾಕಿ ಮತ್ತೆ ಬರೆದೆ. ಪಾಲಿಸಿ ನಂಬರು, ಮರಣದ ದಿನಾಂಕ, ಕೊನೆಯ ಕಾಗದ ತಲುಪಿದ ದಿನ, ಗಡುವು ಮುಗಿದ ದಿನ. ಕೇಳಿಕೆ ಎರಡೇ: ಐದು ಲಕ್ಷವನ್ನು ಬಡ್ಡಿ ಸಮೇತ ಕೊಡಿ, ಇಲ್ಲವೇ ಯಾಕೆ ಕೊಡುವುದಿಲ್ಲ ಎಂದು ಬರಹದಲ್ಲಿ ತಿಳಿಸಿ. ಸೀಲಿದ್ದ ಹಾಳೆಯ ಪ್ರತಿ ಲಗತ್ತಿಸಿದೆವು. ಚಿಕ್ಕಮ್ಮ ಕನ್ನಡದಲ್ಲಿ ಸಹಿ ಹಾಕಿದರು. ಜನವರಿ 20ರಂದು ಇಮೇಲ್ ಮಾಡಿ, ರಿಜಿಸ್ಟರ್ಡ್ ಪೋಸ್ಟಿನಲ್ಲೂ ಕಳಿಸಿದೆವು.

ದೂರಿಗೆ 14 ದಿನದಲ್ಲಿ ಉತ್ತರ ಸಿಗಬೇಕು. ಹನ್ನೊಂದನೇ ದಿನ, ಜನವರಿ 31ರಂದು, ಐದು ಲಕ್ಷ ಜಮಾ ಆಯಿತು. ಚಿಕ್ಕಮ್ಮ ಫೋನಿನಲ್ಲಿ ಅತ್ತರು. ಬಡ್ಡಿ ಬಂದಿರಲಿಲ್ಲ. ಇನ್ನು ಸಾಕು ಬಿಡಪ್ಪ ಎಂದರು. ನಾನು ಬಿಡಲಿಲ್ಲ. ಆಗ ಬ್ಯಾಂಕ್ ದರ ಶೇಕಡಾ 6.75, ಎರಡು ಸೇರಿದರೆ 8.75. ಐದು ಲಕ್ಷಕ್ಕೆ ದಿನಕ್ಕೆ ಸುಮಾರು 120 ರೂಪಾಯಿ. ನವೆಂಬರ್ 11ರಿಂದ 81 ದಿನಕ್ಕೆ 9,700 ದಾಟುತ್ತದೆ. ಆ ಹುಡುಗಿಯ ಕಾಲೇಜು ಫೀಸಿಗೆ ಅದು ಸಣ್ಣ ಮೊತ್ತವಲ್ಲ. ಇದೇ ಲೆಕ್ಕ ಬರೆದು ಅದೇ ಅಧಿಕಾರಿಗೆ ಮತ್ತೊಂದು ಇಮೇಲ್ ಕಳಿಸಿದೆವು. ಫೆಬ್ರವರಿ 12ಕ್ಕೆ ಅದೂ ಬಂತು.

ಕುಂದುಕೊರತೆ ಅಧಿಕಾರಿಯಿಂದಲೂ ಕೆಲಸವಾಗದಿದ್ದರೆ ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು, 155255ಕ್ಕೆ ಫೋನೂ ಮಾಡಬಹುದು. ಅದಕ್ಕೂ ಮುಂದೆ ಬೆಂಗಳೂರಿನ ಜೆ.ಪಿ. ನಗರದಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿಯಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. ಆದರೆ ಮೊದಲು ಕಂಪನಿಗೆ ಬರಹದಲ್ಲಿ ದೂರು ಕೊಟ್ಟಿರಬೇಕು. ಅದು ತಿರಸ್ಕರಿಸಿರಬೇಕು, ಸರಿಯಾದ ಉತ್ತರ ಕೊಡದಿರಬೇಕು, ಇಲ್ಲವೇ ಒಂದು ತಿಂಗಳು ಸುಮ್ಮನಿರಬೇಕು. ಕೌಂಟರಿನ ಮುಂದೆ ನಿಂತು ಹತ್ತು ಸಲ ಕೇಳಿದ್ದು ದೂರಿನ ಲೆಕ್ಕಕ್ಕೆ ಬರುವುದಿಲ್ಲ.

ನಿಮ್ಮ ಮನೆಯ ಕ್ಲೇಮ್ ಎಲ್ಲಾದರೂ ಬಾಕಿ ಇದ್ದರೆ, ಸೀಲಿರುವ ಸ್ವೀಕೃತಿ ಇದೆಯೇ ಎಂದು ಇವತ್ತೇ ನೋಡಿ. ಇಲ್ಲದಿದ್ದರೆ ಕೊಟ್ಟ ಕಾಗದಗಳ ಪಟ್ಟಿ ಬರೆದುಕೊಂಡು ನಾಳೆ ಶಾಖೆಗೆ ಹೋಗಿ, ಸೀಲು ಹಾಕಿಸಿಕೊಂಡು ಬನ್ನಿ.