ಸಂಬಳದ ಮಾತು ಆಫರ್‌ಗೆ ಮೊದಲೇ ಶುರುವಾಗಲಿ

ಸಾಫ್ಟ್‌ವೇರ್ ಕೆಲಸ ಬದಲಿಸಲು ಹೊರಟವರಿಗೆ ಎಚ್‌ಆರ್ ಮಾಡುವ ಮೊದಲ ಕರೆಯಲ್ಲೇ ಮೂರು ಪ್ರಶ್ನೆ ಇರುತ್ತವೆ: ಈಗಿನ ಸಿಟಿಸಿ ಎಷ್ಟು, ನಿರೀಕ್ಷೆ ಎಷ್ಟು, ನೋಟಿಸ್ ಪೀರಿಯಡ್ ಎಷ್ಟು ದಿನ. ಎರಡನೆಯದಕ್ಕೆ ತಯಾರಿಲ್ಲದೆ 'ಮೂವತ್ತು ಪರ್ಸೆಂಟ್ ಹೈಕ್ ಸಾಕು' ಎಂದವರು ಇಂಟರ್‌ವ್ಯೂ ಎಷ್ಟೇ ಚೆನ್ನಾಗಿ ಮಾಡಿದರೂ ಆ ಮೂವತ್ತರಿಂದ ಮೇಲೇಳುವುದು ಕಷ್ಟ.

1. ಹುದ್ದೆಯ ಬೆಲೆ ಹುಡುಕಿ

ದೊಡ್ಡ ಕಂಪನಿಗಳಲ್ಲಿ ಪ್ರತಿ ಗ್ರೇಡ್‌ಗೂ ಇಷ್ಟರಿಂದ ಇಷ್ಟರವರೆಗೆ ಎಂಬ ಸಂಬಳದ ಮಿತಿ ಇರುತ್ತದೆ. ನಿಮಗೆ ಬೇಕಾದದ್ದು ಆ ಮಿತಿ. ಅದು ನಿಮ್ಮ ಹಳೆಯ ಸಂಬಳವನ್ನು ನೋಡಿ ನಿಗದಿಯಾದದ್ದಲ್ಲ. ಆಂಬಿಷನ್‌ಬಾಕ್ಸ್, ಗ್ಲಾಸ್‌ಡೋರ್‌ಗಳಲ್ಲಿ ಅಂದಾಜು ಸಿಗುತ್ತದೆ. ಆದರೆ ಅಲ್ಲಿನ ಅಂಕಿಗಳನ್ನು ಉದ್ಯೋಗಿಗಳೇ ತುಂಬಿರುತ್ತಾರೆ. ಹಳೆಯವು, ಹೊಸವು, ಬೋನಸ್ ಸೇರಿದವು, ಸೇರದವು ಎಲ್ಲ ಬೆರೆತಿರುತ್ತವೆ. ಸರಾಸರಿಯನ್ನು ನಂಬಬೇಡಿ. ನಿಮ್ಮ ಊರು, ನಿಮ್ಮ ಅನುಭವದ ವರ್ಷ, ನಿಮ್ಮ ಕೆಲಸ ಮೂರೂ ಹೊಂದುವ ನಮೂದುಗಳನ್ನಷ್ಟೇ ಆರಿಸಿ. ಸರ್ವಿಸ್ ಕಂಪನಿಯ ಸಂಬಳವನ್ನು ಪ್ರಾಡಕ್ಟ್ ಕಂಪನಿಯದರ ಪಕ್ಕ ಇಡಬೇಡಿ. ಒಂದೇ ಜಾವಾ ಕೆಲಸಕ್ಕೂ ಎರಡೂ ಕಡೆ ಬೇರೆ ಬೇರೆ ದರ.

ಇದಕ್ಕಿಂತ ಗಟ್ಟಿ ಮಾಹಿತಿ ಬರುವುದು ಜನರಿಂದ. ಕಾಲೇಜಿನ ಸೀನಿಯರ್‌ಗಳು, ಹಳೆಯ ಸಹೋದ್ಯೋಗಿಗಳಲ್ಲಿ ಯಾರಾದರೂ ಆ ಕಂಪನಿಯಲ್ಲಿರುತ್ತಾರೆ. 'ನಿಮ್ಮ ಸಂಬಳ ಎಷ್ಟು' ಎಂದರೆ ಮುಜುಗರಪಡುತ್ತಾರೆ. 'ಆರು ವರ್ಷದ ಬ್ಯಾಕೆಂಡ್‌ನವನಿಗೆ ನಿಮ್ಮಲ್ಲಿ ಯಾವ ಗ್ರೇಡ್ ಕೊಡ್ತಾರೆ, ಇಪ್ಪತ್ತು ಲಕ್ಷ ಫಿಕ್ಸೆಡ್ ಕೇಳಿದ್ರೆ ಜಾಸ್ತಿ ಆಗತ್ತಾ' ಎಂದು ಕೇಳಿ, ಮನಬಿಚ್ಚಿ ಹೇಳುತ್ತಾರೆ. ನಾಲ್ಕೈದು ಜನರ ಉತ್ತರ ಒಂದೇ ಆಸುಪಾಸಿಗೆ ಬಂದರೆ ಅದೇ ನಿಮ್ಮ ಅಂಕಿ.

2. ಮೊದಲ ಕರೆಯಲ್ಲಿ ನೀವೇ ಕೇಳಿ

'ಈ ಹುದ್ದೆಗೆ ಬಜೆಟ್ ಎಷ್ಟಿದೆ ಮೇಡಂ?' ಎಂದು ಕೇಳುವುದು ತಪ್ಪಲ್ಲ. ಕೆಲವರು ಹೇಳಿಯೇಬಿಡುತ್ತಾರೆ. ಹೇಳದಿದ್ದರೆ ನಿಮ್ಮ ಅಂಕಿಯನ್ನು ರೂಪಾಯಿಯಲ್ಲಿ ಕೊಡಿ, ಪರ್ಸೆಂಟಿನಲ್ಲಿ ಬೇಡ. ಈಗಿನ ಸಂಬಳವನ್ನು ಮಾತ್ರ ಹೆಚ್ಚಿಸಿ ಹೇಳಬೇಡಿ. ಪೇಸ್ಲಿಪ್ ಕೇಳುತ್ತಾರೆ, ಸೇರುವ ಹೊತ್ತಿಗೆ ಫಾರ್ಮ್ 16 ಕೇಳಬಹುದು. ಸುಳ್ಳು ಸಿಕ್ಕಿದರೆ ಬಂದ ಆಫರೂ ಹೋಗುತ್ತದೆ.

3. ಸಿಟಿಸಿಯನ್ನು ಬಿಡಿಸಿ ನೋಡಿ

ಎಲ್ಲರೂ ಎಡವುವುದು ಇಲ್ಲಿ. ಒಂದು ಲೆಕ್ಕ ಮಾಡೋಣ. ಈಗಿನ ಸಿಟಿಸಿ 15 ಲಕ್ಷ, ಹೊಸ ಆಫರ್ 22 ಲಕ್ಷ ಎಂದಿಟ್ಟುಕೊಳ್ಳಿ. ಮೇಲ್ನೋಟಕ್ಕೆ ಶೇ 47ರಷ್ಟು ಹೆಚ್ಚಳ.

ಈಗಿನ 15 ಲಕ್ಷದಲ್ಲಿ 1 ಲಕ್ಷ ವೇರಿಯಬಲ್ ಪೇ. ಬೇಸಿಕ್ 6 ಲಕ್ಷವಾದರೆ ಕಂಪನಿಯ ಪಾಲಿನ ಪಿಎಫ್ ಶೇ 12ರಂತೆ 72,000, ಗ್ರಾಚ್ಯುಟಿ ಶೇ 4.81ರಂತೆ ಸುಮಾರು 29,000. ಇವನ್ನು ಕಳೆದರೆ ತಿಂಗಳಿಗೆ ಸುಮಾರು 1.08 ಲಕ್ಷ. ಹೊಸ 22 ಲಕ್ಷದಲ್ಲಿ ವೇರಿಯಬಲ್ 2.2 ಲಕ್ಷ, ಜಾಯಿನಿಂಗ್ ಬೋನಸ್ 1.5 ಲಕ್ಷ. ಬೇಸಿಕ್ 8 ಲಕ್ಷವಾದರೆ ಪಿಎಫ್ 96,000, ಗ್ರಾಚ್ಯುಟಿ ಸುಮಾರು 38,500. ಎಲ್ಲ ಕಳೆದರೆ ತಿಂಗಳಿಗೆ ಸುಮಾರು 1.41 ಲಕ್ಷ. ತೆರಿಗೆ ಮತ್ತು ನಿಮ್ಮ ಪಾಲಿನ ಪಿಎಫ್ ಕಡಿತಕ್ಕೆ ಮೊದಲಿನ ಈ ಮೊತ್ತಗಳನ್ನು ಹೋಲಿಸಿದರೆ ಹೆಚ್ಚಳ ಶೇ 30 ಮಾತ್ರ.

ಪಿಎಫ್ ನಿಮ್ಮದೇ ಹಣ, ಮುಂದೆ ಕೈಸೇರುತ್ತದೆ. ಗ್ರಾಚ್ಯುಟಿ ಹಾಗಲ್ಲ. ಕಾಯಂ ನೌಕರರಿಗೆ ಅದು ಸಾಮಾನ್ಯವಾಗಿ ಐದು ವರ್ಷ ದುಡಿದ ಮೇಲೆಯೇ. ಜಾಯಿನಿಂಗ್ ಬೋನಸ್ ಒಂದು ಸಲದ್ದು, ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕೆಂಬ ಷರತ್ತು ಬಹುತೇಕ ಇದ್ದೇ ಇರುತ್ತದೆ. ವೇರಿಯಬಲ್ ಕಳೆದ ವರ್ಷ ಎಷ್ಟು ಪರ್ಸೆಂಟ್ ಕೊಟ್ಟರೆಂದು ಒಳಗಿನವರನ್ನೇ ಕೇಳಿ.

4. ಕೇಳುವುದು ಒಂದೇ ಸಲ, ಫಿಕ್ಸೆಡ್ ಮೇಲೆ

ಇಂಟರ್‌ವ್ಯೂ ಮುಗಿದು ಅವರು ನಿಮ್ಮನ್ನು ಆರಿಸಿದ ಮೇಲೆ, ನೀವು ಒಪ್ಪುವ ಮೊದಲು, ನಿಮ್ಮ ಮಾತಿಗೆ ಅತಿ ಹೆಚ್ಚು ಬೆಲೆ. ಮೇಲಿನ ಆಫರ್‌ನಲ್ಲಿ ಪಿಎಫ್, ಗ್ರಾಚ್ಯುಟಿ ಸೇರಿ ಫಿಕ್ಸೆಡ್ 18.3 ಲಕ್ಷ. ಹೀಗೆ ಹೇಳಬಹುದು: 'ಕೆಲಸ ತುಂಬ ಇಷ್ಟವಾಗಿದೆ ಮೇಡಂ. ಈ ಗ್ರೇಡ್‌ಗೆ ಹೊರಗೆ ಫಿಕ್ಸೆಡ್ ಇಪ್ಪತ್ತರ ಹತ್ತಿರ ಇದೆ. ಅಷ್ಟು ಮಾಡಿಸಿದರೆ ಇವತ್ತೇ ಒಪ್ಪುತ್ತೇನೆ.' ಹೇಳಿ ಸುಮ್ಮನಾಗಿ. ಅವರು ಮೇಲಿನವರ ಅಪ್ರೂವಲ್ ತರಬೇಕು, ಅದಕ್ಕೆ ಒಂದು ಅಂಕಿ, ಒಂದು ಕಾರಣ ಬೇಕು. ತಂದುಕೊಟ್ಟ ಮೇಲೆ ಮತ್ತೆ ಏರಿಸಿದರೆ ಅವರಿಗೆ ನಿಮ್ಮ ಮೇಲೆ ನಂಬಿಕೆ ಉಳಿಯುವುದಿಲ್ಲ.

'ಮಿತಿ ಮುಗಿದಿದೆ' ಎಂದರೆ ಮೇಲಿನ ಗ್ರೇಡ್ ಸಾಧ್ಯವೇ ಎಂದು ಕೇಳಿ. ಅದೂ ಆಗದಿದ್ದರೆ ಜಾಯಿನಿಂಗ್ ಬೋನಸ್ ಹೆಚ್ಚಿಸಲು ಅಥವಾ ನೋಟಿಸ್ ಬೈಔಟ್ ಹಣ ಭರಿಸಲು ಕೇಳಿ.

5. ಕೈಗೆ ಪತ್ರ ಬಂದ ಮೇಲೆ ರಾಜೀನಾಮೆ

ಫೋನಿನಲ್ಲಿ ಒಪ್ಪಿದ್ದೆಲ್ಲ ಪರಿಷ್ಕೃತ ಆಫರ್ ಲೆಟರ್‌ನಲ್ಲಿ ಇದೆಯೇ ಎಂದು ಸಾಲುಸಾಲಾಗಿ ನೋಡಿ: ಗ್ರೇಡ್, ಫಿಕ್ಸೆಡ್, ಬೋನಸ್ ವಾಪಸಾತಿಯ ಷರತ್ತು. 90 ದಿನದ ನೋಟಿಸ್ ಇರುವವರು ಇದರಲ್ಲಿ ಇನ್ನೂ ಎಚ್ಚರವಾಗಿರಬೇಕು. ಆ ಪತ್ರ ಮೇಲ್‌ಗೆ ಬರುವವರೆಗೆ ರಾಜೀನಾಮೆ ಕೊಡಬೇಡಿ.