ಚೀಟಿ ಎತ್ತಿ ಆರಿಸಿದ ಜನಸಭೆ

ಚುನಾವಣೆಯ ಪದ್ಧತಿಯನ್ನೇ ಬದಲಿಸುವುದಾದರೆ ನಿರ್ಣಯಿಸುವವರು ಯಾರು? ಆ ಪದ್ಧತಿಯಿಂದಲೇ ಗೆದ್ದು ಬಂದವರು ತಮ್ಮ ಅನುಕೂಲ ನೋಡುವುದು ಸಹಜ. ಆದಕಾರಣ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತವು 2004ರಲ್ಲಿ ಈ ಕೆಲಸವನ್ನು ಸಾಮಾನ್ಯ ಜನರಿಗೆ ಒಪ್ಪಿಸಿತು.

ಮತದಾರರ ಪಟ್ಟಿಯಿಂದ ಕಣ್ಣುಮುಚ್ಚಿ ಹೆಸರು ಆರಿಸಿ ಪತ್ರ ಬರೆದರು. ಬರಲು ಒಪ್ಪಿದವರಲ್ಲಿ ಮತ್ತೆ ಚೀಟಿ ಎತ್ತಿದರು. 79 ಕ್ಷೇತ್ರಗಳಿಂದ ತಲಾ ಒಬ್ಬ ಪುರುಷ, ಒಬ್ಬ ಮಹಿಳೆ, ಜೊತೆಗೆ ಇಬ್ಬರು ಮೂಲನಿವಾಸಿಗಳು. ಒಟ್ಟು 160 ಸದಸ್ಯರು. ಅವರು ಮೊದಲು ತಜ್ಞರಿಂದ ಕಲಿತರು, ಬಳಿಕ ಊರೂರಿನ ಅಹವಾಲು ಕೇಳಿದರು, ಕೊನೆಗೆ ಚರ್ಚಿಸಿದರು. ಮತದಾರರು ಅಭ್ಯರ್ಥಿಗಳನ್ನು ಒಂದು, ಎರಡು, ಮೂರು ಎಂದು ಇಷ್ಟದ ಕ್ರಮದಲ್ಲಿ ಗುರುತಿಸುವ ಹೊಸ ಪದ್ಧತಿಗೆ 146 ಮಂದಿ ಒಪ್ಪಿದರು. ಒಪ್ಪದವರು ಏಳೇ ಮಂದಿ.

ಆದರೆ 2005ರ ಜನಮತಗಣನೆಯಲ್ಲಿ ಅದಕ್ಕೆ ಬಂದ ಒಪ್ಪಿಗೆ ಶೇಕಡಾ 57.7, ಬೇಕಾಗಿದ್ದುದು 60. 2009ರಲ್ಲಿ ಮತ್ತೆ ಕೇಳಿದಾಗ 39ಕ್ಕೆ ಇಳಿಯಿತು.

ಇಲ್ಲಿ ಎರಡು ಮಿತಿಗಳು ಕಾಣುತ್ತವೆ. ಚೀಟಿ ಎಲ್ಲರಿಗೂ ಸಮಾನವಾದರೂ ಬಿಡುವಿಲ್ಲದವರು ಬರಲು ಒಪ್ಪುವುದಿಲ್ಲ. ಒಳಗೆ ಕೂತವರು ತಿಂಗಳುಗಟ್ಟಲೆ ಕಲಿತು ಒಮ್ಮತಕ್ಕೆ ಬಂದರು. ಹೊರಗಿನ ಲಕ್ಷಾಂತರ ಮತದಾರರಿಗೆ ಆ ಕಲಿಕೆ ದೊರೆಯಲಿಲ್ಲ.