ಅಕ್ಕನನ್ನು ಮೂರನೇ ಅಧ್ಯಾಯದಲ್ಲೇ ಬಿಟ್ಟುಬಂದೆ

ಮಗೂ, ನಿನ್ನ ಕಾದಂಬರಿ 140ನೇ ಪುಟದಲ್ಲಿ ನಿಂತು ಎರಡು ತಿಂಗಳಾಯಿತು. ಅಷ್ಟರಲ್ಲಿ ಬರೆಯುವುದು ಹೇಗೆಂದು ಹೇಳುವ ಐದು ಪುಸ್ತಕ ತರಿಸಿಕೊಂಡಿದ್ದೀಯ. ಐದನ್ನೂ ಓದಲು ಹೋಗಬೇಡ. ನಿನಗೀಗ ಎರಡರಲ್ಲಿನ ಕೆಲವೇ ಪುಟ ಸಾಕು.

ಮೊದಲು ಸ್ಟೀಫನ್ ಕಿಂಗ್‌ನ 'ಆನ್ ರೈಟಿಂಗ್' (2000) ತೆಗೆ. 'ದಿ ಸ್ಟ್ಯಾಂಡ್' ಬರೆಯುವಾಗ ಐನೂರಕ್ಕೂ ಹೆಚ್ಚು ಪುಟ ದಾಟಿದ ಮೇಲೆ ಕಥೆ ಕೈಕೊಟ್ಟಿದ್ದನ್ನು ಅದರಲ್ಲಿ ಹೇಳಿದ್ದಾನೆ. ವಾರಗಟ್ಟಲೆ ಒಬ್ಬನೇ ನಡೆಯುತ್ತ ಯೋಚಿಸಿದ. ಕಥೆಯಲ್ಲಿ ಮಹಾಮಾರಿಯಿಂದ ಬದುಕುಳಿದ ಜನ ಹಳೆಯ ಬದುಕನ್ನೇ ಮತ್ತೆ ಕಟ್ಟಿಕೊಳ್ಳುತ್ತಿದ್ದರು, ಪಾತ್ರಗಳ ಸಂಖ್ಯೆಯೂ ವಿಪರೀತ ಬೆಳೆದಿತ್ತು. ಕೊನೆಗೆ ಒಂದು ಬಾಂಬ್ ಸಿಡಿಸಿ ಮುಖ್ಯ ಪಾತ್ರಗಳಲ್ಲಿ ಸುಮಾರು ಅರ್ಧವನ್ನು ಕಳೆದ. ಉಳಿದ ಭಾಗ ಒಂಬತ್ತು ವಾರದಲ್ಲಿ ಮುಗಿಯಿತು. ಇದನ್ನು ಓದಿದ ಎಷ್ಟೋ ಹುಡುಗರು ತಮ್ಮ ಕಥೆಗೂ ಒಂದು ಅಪಘಾತ ತಂದುಬಿಡುತ್ತಾರೆ. ಆದರೆ ಆ ಬಾಂಬ್ ಇಟ್ಟವರು ಹೊರಗಿನವರಲ್ಲ. ಮೊದಲಿಂದಲೂ ಒಳಗೇ ಕುದಿಯುತ್ತಿದ್ದ ಹೆರಾಲ್ಡ್ ಮತ್ತು ಅವನ ಜೊತೆಯ ನಾಡೀನ್. ನೀನು ಗಮನಿಸಬೇಕಾದದ್ದು ಅದನ್ನು.

ನಿನ್ನ ಕಥೆಯೊಳಗೆ ಅಂಥದ್ದೇನಿದೆ ಎಂದು ಹುಡುಕಲು ಇ. ಎಂ. ಫಾರ್ಸ್ಟರ್ ಬೇಕು. 1927ರಲ್ಲಿ ಕೇಂಬ್ರಿಜ್‌ನಲ್ಲಿ ಕೊಟ್ಟ ಉಪನ್ಯಾಸಗಳೇ 'ಆಸ್ಪೆಕ್ಟ್ಸ್ ಆಫ್ ದಿ ನಾವೆಲ್' ಆದವು. ಒಂದಾದ ಮೇಲೊಂದು ನಡೆಯುವುದು ಬರೀ ಕಥೆ, ಒಂದರ ಕಾರಣಕ್ಕೆ ಇನ್ನೊಂದು ನಡೆದರೆ ಅದು ಸಂವಿಧಾನ ಎಂಬುದು ಅವನ ವಿಂಗಡಣೆ. ಒಂದು ಹಾಳೆ ತೆಗೆದುಕೊಂಡು ಅಧ್ಯಾಯಕ್ಕೊಂದು ಸಾಲು ಬರೆ. ಎರಡು ಸಾಲುಗಳ ನಡುವೆ 'ಆದ್ದರಿಂದ' ಕೂರುತ್ತದೆಯೋ, 'ಆಮೇಲೆ' ಮಾತ್ರವೋ ನೋಡು.

ನಿನ್ನದನ್ನು ನಾನೇ ಹೀಗೆ ಬರೆದು ನೋಡಿದೆ. ರಾಘವ ತೋಟ ಮಾರಲು ಊರಿಗೆ ಬರುತ್ತಾನೆ, ಆದ್ದರಿಂದ ಅಕ್ಕನ ಸಹಿ ಬೇಕು, ಅವಳು ಒಲ್ಲೆ ಎನ್ನುತ್ತಾಳೆ. ಅಲ್ಲಿಯವರೆಗೆ ಗಟ್ಟಿಯಾಗಿದೆ. ಆಮೇಲೆ ಜಾತ್ರೆ, ಆಮೇಲೆ ಹಳೆಯ ಗೆಳೆಯ, ಆಮೇಲೆ ಅತ್ತೆಯ ನೆನಪುಗಳು, ಆಮೇಲೆ ಮಳೆ. ಜಾತ್ರೆಯ ವರ್ಣನೆ ಚೆನ್ನಾಗಿಯೇ ಇದೆ, ಆದರೆ ಅದನ್ನು ಕಿತ್ತರೂ ಮುಂದಿನದಕ್ಕೆ ಏನೂ ಆಗುವುದಿಲ್ಲ. ಅಂದರೆ ಕಥೆ ನಿಂತದ್ದು 140ನೇ ಪುಟದಲ್ಲಲ್ಲ, ಅಕ್ಕ ಬಾಗಿಲು ಹಾಕಿಕೊಂಡ ಮೂರನೇ ಅಧ್ಯಾಯದಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಅವಳಿಗೂ ಸಮಪಾಲಿದೆ, ಅವಳನ್ನು ಬಿಟ್ಟು ತೋಟ ಮಾರಲಾಗದು. ಅಷ್ಟರಲ್ಲಿ ರಾಘವ ಗುಟ್ಟಾಗಿ ಮುಂಗಡ ಹಣ ತೆಗೆದುಕೊಂಡಿದ್ದರೆ? ಆದ್ದರಿಂದ ಅವನು ಸುಳ್ಳು ಹೇಳಬೇಕು. ಆದ್ದರಿಂದ ಅವಳಿಗೆ ಅನುಮಾನ ಬರಬೇಕು.

ಎಲ್ಲ ಸಾಲುಗಳ ನಡುವೆ 'ಆದ್ದರಿಂದ' ಕೂತೂ ಕಥೆ ಸಾಗದಿದ್ದರೆ ತೊಡಕು ಬೇರೆಡೆ ಇರುತ್ತದೆ, ಕಥೆ ಹೇಳುವವನನ್ನೇ ತಪ್ಪಾಗಿ ಆರಿಸಿರಬಹುದು. ನಿನ್ನದು ಹಾಗಲ್ಲ.

ಮೊದಲ ಅಧ್ಯಾಯದಿಂದ ತಿದ್ದಲು ಕೂರಬೇಡ. ಜಾತ್ರೆಯನ್ನೂ ಈಗಲೇ ಹರಿಯಬೇಡ, ಅಂಚಿನಲ್ಲಿ ಗುರುತು ಹಾಕಿಡು. ಮುಂಗಡದ ವಿಷಯ ಮೊದಲೇ ಇತ್ತೆಂದುಕೊಂಡು ಮುಂದಕ್ಕೆ ಬರೆ. ನಾಳೆ ಬೆಳಿಗ್ಗೆ ಅಕ್ಕ ಬಸ್ಸಿಳಿದು ತೋಟದ ಕಡೆ ನಡೆದು ಬರುವುದರಿಂದ ಶುರುಮಾಡು.